ಕೂಡಿಕೆಯ ತಪ್ಪಿಗೆ ಶುಲ್ಕವೇಕೆ?

ಅಂಕಪಟ್ಟಿಯಲ್ಲಿನ ಮೊತ್ತವನ್ನು ಮತ್ತೊಮ್ಮೆ ಪರಿಶೀಲಿಸಬೇಕೆಂದು ವಿದ್ಯಾರ್ಥಿಯೊಬ್ಬನು ಪ್ರಾಂಶುಪಾಲರ ಹೆಸರಿಗೆ ಬರೆದ ವಿನಂತಿಪತ್ರಕ್ಕೆ, ಮರುಎಣಿಕೆಯ ಶುಲ್ಕ ಕಟ್ಟಿ ಅವಧಿಯೊಳಗೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿಕೊಳ್ಳಬೇಕೆಂಬ ಉತ್ತರವೇ ಸಾಮಾನ್ಯವಾಗಿ ದೊರೆಯುತ್ತದೆ. ಆ ಪತ್ರದಲ್ಲಿ ಸೂಚಿತವಾದ ದೋಷವು ಯಾವ ಹಂತದ್ದೆಂದು ವಿವೇಚಿಸದೆ ಕೊಡುವ ಈ ಉತ್ತರವು ನ್ಯಾಯಸಮ್ಮತವಲ್ಲ.

ಒಂದು ಉದಾಹರಣೆಯನ್ನು ಪರಿಶೀಲಿಸೋಣ. ಒಂದು ವಿಷಯದಲ್ಲಿ ಲಿಖಿತ ಪರೀಕ್ಷೆಗೆ 58, ಆಂತರಿಕ ಮೌಲ್ಯಮಾಪನಕ್ಕೆ 18 ಅಂಕಗಳೆಂದು ಮುದ್ರಿಸಿ, ಅವುಗಳ ಮೊತ್ತವನ್ನು 76ರ ಬದಲು 67 ಎಂದು ನಮೂದಿಸಿದ್ದಾರೆನ್ನಿ. ಇತರ ವಿಷಯಗಳ 352 ಅಂಕಗಳೊಡನೆ ಅದು ಸೇರಿ, 428 ಆಗಬೇಕಾದ ಒಟ್ಟು ಮೊತ್ತವು 419ಕ್ಕೆ ಇಳಿಯುತ್ತದೆ. ವ್ಯತ್ಯಾಸವು ಒಂಬತ್ತು. ಅಕ್ಕಪಕ್ಕದ ಎರಡು ಅಂಕಿಗಳು ಸ್ಥಾನಪಲ್ಲಟವಾದಾಗ ವ್ಯತ್ಯಾಸವು ಒಂಬತ್ತರಿಂದ ಭಾಗವಾಗುವುದೆಂಬುದನ್ನು ಲೆಕ್ಕ ಬರೆಯುವವರೆಲ್ಲರೂ ಬಲ್ಲರು. ಅದು ಸಿದ್ಧಪ್ರಮಾಣವಲ್ಲವಾದರೂ ಶಂಕೆಗೆ ಸಾಕಾದ ಸೂಚನೆ. ಇಲ್ಲಿ ಉತ್ತರಪತ್ರಿಕೆಯನ್ನು ತೆರೆಯುವ ಅಗತ್ಯವೇ ಇಲ್ಲ. ದೋಷವೂ ಅದರ ಸಾಕ್ಷ್ಯವೂ ಒಂದೇ ಹಾಳೆಯ ಮೇಲಿವೆ.

ಆದರೆ ಮೌಲ್ಯಮಾಪಕರು ಪ್ರಶ್ನೆಯೊಂದರ ಉಪಭಾಗಗಳಿಗೆ ಒಳಪುಟಗಳಲ್ಲಿ ಕೊಟ್ಟ ಅಂಕಗಳನ್ನು ಮುಖಪುಟಕ್ಕೆ ಎತ್ತಿ ಬರೆಯುವಾಗ ಒಂದನ್ನು ಬಿಟ್ಟಿದ್ದರೆ, ಅಂಕಪಟ್ಟಿಯನ್ನು ಎಷ್ಟು ಕೂಡಿದರೂ ಅದು ಕಾಣದು. ಮರುಎಣಿಕೆಯ ನಿಜವಾದ ಕ್ಷೇತ್ರವು ಇದೇ. ಮೌಲ್ಯಮಾಪನಗೊಂಡ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಲು ಪರೀಕ್ಷಾರ್ಥಿಗೆ ಅಧಿಕಾರವುಂಟೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತ ಬಳಿಕ, ಈ ಶೋಧನೆಯ ಮಾರ್ಗವೂ ಸುಗಮವಾಗಿದೆ. ಇನ್ನು, ಆಂತರಿಕ ಅಂಕವಾದ 18 ಕಾಲೇಜಿನಿಂದಲೇ 8 ಎಂದು ರವಾನೆಯಾಗಿದ್ದರೆ, 58ಕ್ಕೆ 8 ಸೇರಿ 66 ಎಂಬ ಕೂಡಿಕೆಯಲ್ಲಿ ಯಾವ ದೋಷವೂ ತೋರದು. ಅದರ ಪರಿಹಾರವಿರುವುದು ಅಧ್ಯಾಪಕರ ಸಹಿಯುಳ್ಳ ವಿಭಾಗದ ಅಂಕದಾಖಲೆಯಲ್ಲಿ.

ಆದಕಾರಣ ವಿದ್ಯಾರ್ಥಿಯು ಪತ್ರದಲ್ಲಿ ತಾನು ಪಟ್ಟ ಶ್ರಮವನ್ನೋ ಮನೆಯ ಕಷ್ಟವನ್ನೋ ನಿವೇದಿಸುವುದಕ್ಕಿಂತ, ನೋಂದಣಿ ಸಂಖ್ಯೆ, ವಿಷಯ ಸಂಕೇತ, ಮುದ್ರಿತ ಅಂಕ, ಇರಬೇಕಾದ ಅಂಕ ಇವುಗಳನ್ನು ಸ್ಪಷ್ಟವಾಗಿ ಬರೆದು, ಅಂಕಪಟ್ಟಿಯ ಪ್ರತಿಯನ್ನು ಲಗತ್ತಿಸಿ, ಸ್ವೀಕೃತಿಯ ಮುದ್ರೆಯನ್ನು ಪಡೆಯುವುದು ಲೇಸು. ಅಂಕವನ್ನು ಸ್ವತಃ ತಿದ್ದುವ ಅಧಿಕಾರವು ಕಾಲೇಜಿನ ಕಚೇರಿಗೆ ಇಲ್ಲದಿರಬಹುದು; ಆದರೆ ದೋಷವನ್ನು ಪರೀಕ್ಷಿಸಿ, ತನ್ನ ಷರಾದೊಡನೆ ಮೌಲ್ಯಮಾಪನ ಕುಲಸಚಿವರಿಗೆ ಕಳುಹಿಸಲು ಅದಕ್ಕೆ ಅಡ್ಡಿಯಿಲ್ಲ. ಉತ್ತರಪತ್ರಿಕೆಯನ್ನು ಹುಡುಕಿ ಎಣಿಸುವ ಕಾರ್ಯಕ್ಕೆ ಶುಲ್ಕವನ್ನು ವಿಧಿಸುವುದು ಒಪ್ಪತಕ್ಕದ್ದೇ. ಆದರೆ ಅಂಕಪಟ್ಟಿಯ ಮುಖದಲ್ಲೇ ಗೋಚರಿಸುವ ತಪ್ಪು ಅದನ್ನು ಮುದ್ರಿಸಿದ ಸಂಸ್ಥೆಯದಾದುದರಿಂದ, ಅದರ ತಿದ್ದುಪಡಿಗೆ ಶುಲ್ಕವಾಗಲಿ ಕೊನೆಯ ದಿನಾಂಕವಾಗಲಿ ಇರಕೂಡದು.