ಕಳೆದುಹೋದದ್ದು ತಿಂಗಳಲ್ಲ, ಹೆಸರು

ನಮ್ಮ ಅಜ್ಜ ತೀರಿಕೊಂಡದ್ದು 1983ರ ಜನವರಿ 22ರಂದು, ಸಂಜೆ ಐದರ ಹೊತ್ತಿಗೆ. ಆಗ ಮನೆಗೆ ಬಂದಿದ್ದ ಪುರೋಹಿತರು ಪಂಚಾಂಗ ತೆರೆದು ನೋಡಿ, "ಈ ವರ್ಷ ಮಾಘ ಮಾಸವೇ ಲೋಪ, ಆದ್ದರಿಂದ ಪುಷ್ಯ ಶುಕ್ಲ ಅಷ್ಟಮಿ ಎಂದು ಹಿಡಿಯಿರಿ" ಎಂದರಂತೆ. ಅಲ್ಲಿಂದ ನಾಲ್ಕು ದಶಕ ನಮ್ಮ ದೊಡ್ಡಪ್ಪ ಪುಷ್ಯದಲ್ಲೇ ಶ್ರಾದ್ಧ ಮಾಡಿಕೊಂಡು ಬಂದರು. ಈಗ ಆ ಹೊಣೆ ಪುಣೆಯಲ್ಲಿರುವ ನನ್ನ ಪಾಲಿಗೆ ಬಂದಿದೆ. ಲೆಕ್ಕ ಹಾಕಿ ನೋಡಿದ ಮೇಲೆ ಹೇಳುತ್ತಿದ್ದೇನೆ: ನಾವು ಇಷ್ಟು ವರ್ಷ ಒಂದು ತಿಂಗಳು ಮುಂಚೆ ಪಿಂಡ ಇಡುತ್ತಿದ್ದೆವು. ತಪ್ಪಿನ ಮೂಲ ಆ ಒಬ್ಬ ಪುರೋಹಿತರಲ್ಲಿಲ್ಲ. ಕ್ಷಯ ಮಾಸದ ಬಗ್ಗೆ ನಾವೆಲ್ಲ ಒಪ್ಪಿಕೊಂಡು ಕೂತಿರುವ ಒಂದು ಸುಲಭದ ಮಾತಿನಲ್ಲಿದೆ.

ಆ ಮಾತು ಹೀಗಿದೆ: "ದಿನಗಳು ಕಡಿಮೆ ಬಿದ್ದಾಗ ಅಧಿಕ ಮಾಸ ಸೇರಿಸುತ್ತಾರೆ, ಹೆಚ್ಚಾದಾಗ ಕ್ಷಯ ಮಾಸ ಕಳೆಯುತ್ತಾರೆ." ಕೂಡುವುದು, ಕಳೆಯುವುದು. ಕೇಳಲು ಚೆಂದ. ಆದರೆ ಇದು ನಿಜವಲ್ಲ.

ಅಧಿಕ ಮಾಸದ ಮಟ್ಟಿಗೆ ಮಾತು ಸರಿ. ಹನ್ನೆರಡು ಚಾಂದ್ರ ಮಾಸಗಳು ಸೌರ ವರ್ಷಕ್ಕಿಂತ ಸುಮಾರು 11 ದಿನ ಗಿಡ್ಡ. ಆ ಬಾಕಿ ಬೆಳೆಯುತ್ತಾ ಹೋಗಿ, ಎರಡೂಮುಕ್ಕಾಲು ವರ್ಷದ ಆಸುಪಾಸಿನಲ್ಲಿ ಒಂದು ಇಡೀ ತಿಂಗಳಾಗುತ್ತದೆ. ಅದನ್ನು ಗುರುತಿಸುವ ನಿಯಮ ಸರಳ: ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯೊಳಗೆ ಸೂರ್ಯ ಹೊಸ ರಾಶಿಗೆ ಕಾಲಿಡದಿದ್ದರೆ ಅದು ಅಧಿಕ. ಮಾಸಕ್ಕೆ ಹೆಸರು ಬರುವುದೇ ಅದರೊಳಗಿನ ಸಂಕ್ರಾಂತಿಯಿಂದ. ಮಕರ ಸಂಕ್ರಾಂತಿ ಇದ್ದರೆ ಪುಷ್ಯ, ಕುಂಭ ಸಂಕ್ರಾಂತಿ ಇದ್ದರೆ ಮಾಘ. ಸಂಕ್ರಾಂತಿಯೇ ಇಲ್ಲದ ಮಾಸಕ್ಕೆ ಸ್ವಂತ ಹೆಸರಿಲ್ಲ, ಮುಂದಿನ ಮಾಸದ ಹೆಸರನ್ನು ಎರವಲು ಪಡೆಯುತ್ತದೆ. ಚೆನ್ನೈನಲ್ಲಿರುವ ಓದುಗರಿಗೆ ಈ ಗೊಡವೆ ಯಾಕಿಲ್ಲವೆಂಬುದೂ ಇದರಿಂದ ತಿಳಿಯುತ್ತದೆ. ತಮಿಳರ ತಿಂಗಳೇ ಸೌರ ಮಾಸ, ಸಂಕ್ರಾಂತಿಯಿಂದಲೇ ಶುರು. ಅಲ್ಲಿ ಅಧಿಕವೂ ಇಲ್ಲ, ಕ್ಷಯವೂ ಇಲ್ಲ.

ಕ್ಷಯ ಮಾಸ ಎಂದರೆ ಒಂದೇ ಚಾಂದ್ರ ಮಾಸದೊಳಗೆ ಎರಡು ಸಂಕ್ರಾಂತಿ ಬೀಳುವುದು. ಇದಕ್ಕೂ 11 ದಿನದ ಬಾಕಿಗೂ ಸಂಬಂಧವಿಲ್ಲ. ಸೂರ್ಯ ವರ್ಷವಿಡೀ ಒಂದೇ ವೇಗದಲ್ಲಿ ನಡೆದಿದ್ದರೆ ಸೌರ ಮಾಸ ಸುಮಾರು 30 ದಿನ 10 ಗಂಟೆ, ಚಾಂದ್ರ ಮಾಸ ಸುಮಾರು 29 ದಿನ 13 ಗಂಟೆ. ದೊಡ್ಡದು ಚಿಕ್ಕದರೊಳಗೆ ಹಿಡಿಸುವುದಿಲ್ಲ, ಕ್ಷಯ ಎಂದೂ ಆಗುತ್ತಿರಲಿಲ್ಲ. ಅಧಿಕ ಮಾಸ ಮಾತ್ರ ಆಗಲೂ ಬೇಕಾಗುತ್ತಿತ್ತು. ವ್ಯತ್ಯಾಸದ ಬೇರು ಇಲ್ಲಿದೆ. ಜನವರಿಯ ಮೊದಲಲ್ಲಿ ಭೂಮಿ ಸೂರ್ಯನಿಗೆ ಹತ್ತಿರವಿರುವುದರಿಂದ ನಮ್ಮ ಕಣ್ಣಿಗೆ ಸೂರ್ಯ ಬೇಗ ಬೇಗ ಸರಿಯುತ್ತಾನೆ. ಜೂನ್ ನಡುವಿನಿಂದ ನಡೆಯುವ ಮಿಥುನ ಮಾಸಕ್ಕೆ ಮೂವತ್ತೊಂದೂವರೆ ದಿನದಷ್ಟು ಬೇಕಾದರೆ, ಧನು, ಮಕರ ಮಾಸಗಳು ಇಪ್ಪತ್ತೊಂಬತ್ತೂವರೆ ದಿನದಲ್ಲೇ ಮುಗಿಯುತ್ತವೆ. ಓಡುವ ಸೂರ್ಯನನ್ನು ಹಿಡಿಯಲು ಚಂದ್ರನಿಗೂ ಹೊತ್ತು ಹೆಚ್ಚು ಬೇಕು, ಹಾಗಾಗಿ ಆಗ ಚಾಂದ್ರ ಮಾಸ ಹಿಗ್ಗುತ್ತದೆ. ಕ್ಷಯ ಮಾಸ ಚಳಿಗಾಲಕ್ಕೇ ಕಟ್ಟುಬಿದ್ದಿರುವುದು ಇದರಿಂದ.

1983ರಲ್ಲಿ ಆದದ್ದನ್ನೇ ನೋಡಿ. ಲಾಹಿರಿ ಅಯನಾಂಶದ ಲೆಕ್ಕದಲ್ಲಿ, ಜನವರಿ 14ರ ಬೆಳಗ್ಗೆ ಹತ್ತೂವರೆ ದಾಟಿದ ಮೇಲೆ ಅಮಾವಾಸ್ಯೆ ಮುಗಿಯಿತು. ಅದೇ ಮಧ್ಯಾಹ್ನ ಮೂರಕ್ಕೆ ಸ್ವಲ್ಪ ಮೊದಲು ಮಕರ ಸಂಕ್ರಾಂತಿ. ಫೆಬ್ರವರಿ 13ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಸ್ವಲ್ಪ ಮೊದಲು ಕುಂಭ ಸಂಕ್ರಾಂತಿ. ಮುಂದಿನ ಅಮಾವಾಸ್ಯೆ ಮುಗಿದದ್ದು ಅದೇ ಬೆಳಗ್ಗೆ ಆರಕ್ಕೆ. ಎರಡು ಗಂಟೆಯ ಅಂತರದಲ್ಲಿ ಎರಡನೆಯ ಸಂಕ್ರಾಂತಿ ಆ ಮಾಸದೊಳಗೆ ನುಸುಳಿತು. ಪುಷ್ಯದ ಗುರುತು, ಮಾಘದ ಗುರುತು ಎರಡೂ ಒಂದೇ ತಿಂಗಳ ಹಣೆಯ ಮೇಲೆ ಬಿದ್ದವು.

ಹೀಗೆ ಒಂದು ಮಾಸ ಎರಡು ಸಂಕ್ರಾಂತಿ ನುಂಗಿದರೆ ಪಕ್ಕದ ಮಾಸ ಬರಿಗೈ. ಮುಂದಿನ ಅಮಾವಾಸ್ಯೆ ಮಾರ್ಚ್ 14ರ ರಾತ್ರಿ ಹನ್ನೊಂದೂಕಾಲರ ಸುಮಾರಿಗೆ ಮುಗಿಯಿತು. ಮೀನ ಸಂಕ್ರಾಂತಿ ಬಂದದ್ದು ನಡುರಾತ್ರಿ ದಾಟಿದ ಮೇಲೆ. ಆ ಮಾಸ ಅಧಿಕ ಫಾಲ್ಗುಣವಾಯಿತು. 1982ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಆಗಲೇ ಒಂದು ಅಧಿಕ ಆಶ್ವಯುಜ ಕಳೆದಿತ್ತು. ಎರಡು ಅಧಿಕ, ಒಂದು ಕ್ಷಯ. ಎಣಿಸಿದರೆ ದುಂದುಭಿ ಸಂವತ್ಸರಕ್ಕೆ ಹದಿಮೂರು ತಿಂಗಳು, ಯುಗಾದಿಯಿಂದ ಯುಗಾದಿಗೆ 384 ದಿನ. ಯಾವುದೇ ಸಾಧಾರಣ ಅಧಿಕ ವರ್ಷದಷ್ಟೇ. ಒಂದು ದಿನವೂ, ಒಂದು ತಿಥಿಯೂ ಕಳೆದುಹೋಗಲಿಲ್ಲ. "ಕ್ಷಯ ವರ್ಷಕ್ಕೆ ಹನ್ನೊಂದೇ ತಿಂಗಳು" ಎನ್ನುವವರು ಬೆರಳು ಮಡಚಿ ಎಣಿಸಿದವರಲ್ಲ.

ಒಂದು ಆಕ್ಷೇಪ ಬರಬಹುದು. ಆ ವರ್ಷ ಎರಡು ಅಧಿಕ ಬಂದು ಒಂದನ್ನು ಕ್ಷಯ ಹೊಡೆದುಹಾಕಿತಲ್ಲ, ಅದು ಕಳೆಯುವುದೇ ಅಲ್ಲವೇ? ಹೆಸರುಗಳ ಲೆಕ್ಕದಲ್ಲಿ ಹೌದು. ಆದರೆ ಆ ಹೆಚ್ಚಿನ ಅಧಿಕ ಹುಟ್ಟಿದ್ದೇ ಸಂಕ್ರಾಂತಿಗಳು ಒಂದೆಡೆ ಒತ್ತಾಗಿ ಇನ್ನೊಂದೆಡೆ ತೆರಪಾದದ್ದರಿಂದ. ಒಂದೇ ನಾಣ್ಯದ ಎರಡು ಮುಖ. ಸಾಲ ಹೆಚ್ಚಾಯಿತೆಂದು ಯಾರೂ ತೀರಿಸಿದ್ದಲ್ಲ.

ಇನ್ನು "141 ವರ್ಷಕ್ಕೊಮ್ಮೆ ಬರುವ ಮಹಾ ಅಶುಭ" ಎಂಬ ಬೆದರಿಕೆ. 1982–83ಕ್ಕೆ ಬರೀ 19 ವರ್ಷ ಮೊದಲು, 1963–64ರಲ್ಲಿ, ಇನ್ನೊಂದು ಕ್ಷಯ ಮಾಸ ಬಂದಿತ್ತು. ಮುಂದಿನದು 2123–24ರಲ್ಲಿ. ಸಾಮಾನ್ಯವಾಗಿ 141, ಕೆಲವೊಮ್ಮೆ 19 ಎಂದು 12ನೆಯ ಶತಮಾನದಲ್ಲೇ ಭಾಸ್ಕರಾಚಾರ್ಯರು ಸಿದ್ಧಾಂತ ಶಿರೋಮಣಿಯಲ್ಲಿ ಬರೆದಿಟ್ಟಿದ್ದಾರೆ, ಶಕ ವರ್ಷಗಳ ಸಮೇತ. ಅವರಿಗೆ ಅದು ಗಣಿತ. ನಮಗೆ ಭಯ. ಬಿ.ವಿ. ರಾಮನ್ ಅವರ ಅಯನಾಂಶ ಲಾಹಿರಿಗಿಂತ ಸುಮಾರು ಒಂದೂವರೆ ಡಿಗ್ರಿ ಕಡಿಮೆ. ಅದನ್ನು ಹಿಡಿದರೆ ಸಂಕ್ರಾಂತಿಗಳು ಒಂದೂವರೆ ದಿನದಷ್ಟು ಹಿಂದೆ ಸರಿದು, ಮಕರ ಸಂಕ್ರಾಂತಿ ಅಮಾವಾಸ್ಯೆಗೆ ಮೊದಲೇ, ಜನವರಿ 13ಕ್ಕೆ ಬೀಳುತ್ತದೆ. ಆಗ ಆ ಮಾಸ ಕ್ಷಯವೇ ಅಲ್ಲ. ಅಯನಾಂಶ ಬದಲಿಸಿದರೆ ಮಾಯವಾಗುವ ಅಶುಭಕ್ಕೆ ಹೆದರುವುದು ಹೇಗೆ?

ಹೆಸರು ಕಳೆದುಹೋದ ಮಾಸದಲ್ಲಿ ಹುಟ್ಟಿದವರ, ಸತ್ತವರ ಗತಿಯೇನು ಎಂದು ನಿರ್ಣಯ ಗ್ರಂಥಗಳು ಯೋಚಿಸದೆ ಬಿಟ್ಟಿಲ್ಲ. ಕ್ಷಯ ಮಾಸವನ್ನು ಅವು ಜೋಡಿ ಮಾಸವೆಂದು ನೋಡುತ್ತವೆ. ತಿಥಿಯ ಮೊದಲ ಅರ್ಧದಲ್ಲಿ ನಡೆದದ್ದು ಹಿಂದಿನ ಮಾಸಕ್ಕೆ, ಎರಡನೆಯ ಅರ್ಧದಲ್ಲಿ ನಡೆದದ್ದು ಮುಂದಿನ ಮಾಸಕ್ಕೆ. ಅಂದರೆ ಮಾಘ ಲೋಪವಾಗಿರಲಿಲ್ಲ, ಪ್ರತಿ ತಿಥಿಯ ಉತ್ತರಾರ್ಧದಲ್ಲಿ ಕೂತಿತ್ತು.

ಅಜ್ಜ ಹೋದ ದಿನ ಶುಕ್ಲ ಅಷ್ಟಮಿ. ಅಷ್ಟಮಿಯ ನಟ್ಟನಡು ಎಂದರೆ ಆಕಾಶದಲ್ಲಿ ಸರಿಯಾಗಿ ಅರ್ಧ ಚಂದ್ರನಾಗುವ ಗಳಿಗೆ. 1983ರ ಜನವರಿ 22ರಂದು ಅದು ಬೆಳಗ್ಗೆ ಹನ್ನೊಂದರ ಸುಮಾರಿಗೆ ಆಗಿತ್ತು. ಅಜ್ಜ ಬೆಳಗ್ಗೆ ಹೋಗಿದ್ದರೆ ಪುಷ್ಯ ಶುಕ್ಲ ಅಷ್ಟಮಿ. ಹೋದದ್ದು ಸಂಜೆ ಐದಕ್ಕೆ. ಅವರ ತಿಥಿ ಮಾಘ ಶುಕ್ಲ ಅಷ್ಟಮಿ.

ದೊಡ್ಡಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, "ಹಾಗಾದರೆ ಅಪ್ಪ ಇಷ್ಟು ವರ್ಷ ಒಂದು ತಿಂಗಳು ಕಾದರೇನೋ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈ ಸಲ ಮಾಘದಲ್ಲಿ ಮಾಡುತ್ತೇವೆ. ಆ ಜನವರಿ 14ರಿಂದ ಫೆಬ್ರವರಿ 13ರ ನಡುವೆ ನಿಮ್ಮ ಮನೆಯಲ್ಲೂ ಯಾರಾದರೂ ಹುಟ್ಟಿದ್ದರೆ, ಹೋಗಿದ್ದರೆ, ತಾರೀಖಿನ ಜೊತೆ ಗಂಟೆಯನ್ನೂ ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಿ. ಮಾಸ ಯಾವುದೆಂದು ಹೇಳುವುದು ಆ ಗಂಟೆಯೇ.