ಕೌದಿಗೆ ಕಲಾಚರಿತ್ರೆಯಲ್ಲಿ ಸ್ಥಳವೇಕೆ ದೊರೆಯಲಿಲ್ಲ?

ಉಳವಿಯ ಆಸುಪಾಸಿನ ಹಳಿಯಾಳ, ಮುಂಡಗೋಡ, ಯಲ್ಲಾಪುರ ಸೀಮೆಯ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಯನ್ನು ಅವರ ಬಾಯಲ್ಲಿ ಕವಂದಿ ಎನ್ನುತ್ತಾರೆ. ಹಳೆಯ ಸೀರೆಯೊಂದು ಅದರ ತಳ. ಸವೆದ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಆರಂಭಿಸಿ, ಒಂದರ ಮೇಲೊಂದು ಮಡಚಿಟ್ಟು, ಸಾಲುಸಾಲಾಗಿ ಓಟದ ಹೊಲಿಗೆ ಹಾಕುತ್ತ ಸುತ್ತು ಬಂದು ನಡುವಿಗೆ ತಲುಪುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಲ್ಲಿ ಮಡಚಿದ ತ್ರಿಕೋನಗಳನ್ನು ಕೂರಿಸುತ್ತಾರೆ. ಅವಕ್ಕೆ ಹೂವೆಂದು ಹೆಸರು. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಉಪಯೋಗದ ದೃಷ್ಟಿಯಿಂದ ಈ ಹೂವು ಅನಗತ್ಯ. ಅದು ಶುದ್ಧ ಸೌಂದರ್ಯದ ಬೇಡಿಕೆ.

ಹೀಗಿದ್ದೂ ಕಲಾಚರಿತ್ರೆ ಇದನ್ನು ಬಹುಕಾಲ ಹೊರಗಿಟ್ಟಿತು. ಕಾರಣ ಅದರ ಅಳತೆಗೋಲಿನಲ್ಲಿದೆ. 1550ರಲ್ಲಿ ಪ್ರಕಟವಾದ ವಸಾರಿಯ ಕಲಾವಿದರ ಜೀವನಚರಿತ್ರೆಗಳು ಚಿತ್ರ, ಶಿಲ್ಪ, ವಾಸ್ತುಗಳನ್ನು ಒಂದೇ ತಂದೆಯ ಮಕ್ಕಳಾಗಿಸಿದವು. ಆ ತಂದೆ ‘ದಿಸೇನ್ಯೊ’, ಅಂದರೆ ಮನಸ್ಸಿನಲ್ಲಿ ಮೊದಲೇ ಮೂಡಿದ ರೇಖಾಕಲ್ಪನೆ. ಕಲ್ಪನೆ ಬುದ್ಧಿಯದು, ನಿರ್ವಹಣೆ ಕೈಯದು ಎಂಬ ಭೇದ ಅಲ್ಲಿ ಗಟ್ಟಿಯಾಯಿತು. 1790ರಲ್ಲಿ ಕಾಂಟ್ ಸ್ವತಂತ್ರ ಕಲೆಯನ್ನು ಕೂಲಿಗಾಗಿ ಮಾಡುವ ಕರಕೌಶಲದಿಂದ ಬೇರ್ಪಡಿಸಿದನು. 1768ರಲ್ಲಿ ಸ್ಥಾಪನೆಯಾದ ಲಂಡನ್ನಿನ ರಾಯಲ್ ಅಕಾಡೆಮಿಯಂತೂ ಕೆಲವೇ ವರ್ಷಗಳಲ್ಲಿ ಸೂಜಿಗೆಲಸಕ್ಕೆ ತನ್ನ ಪ್ರದರ್ಶನದ ಬಾಗಿಲು ಮುಚ್ಚಿತು. ಮನೆಯೊಳಗಿನ ಹೆಣ್ಣಿನ ದುಡಿಮೆ ಹೀಗೆ ನಿಯಮಪೂರ್ವಕವಾಗಿಯೇ ಹೊರಬಿದ್ದಿತು.

ಕವಂದಿಗೆ ಮುಂಚಿತವಾದ ರೇಖಾಚಿತ್ರವಿಲ್ಲ. ಯಾವ ಕೆಂಪಿನ ಪಕ್ಕ ಯಾವ ಹಸಿರು ಎಂಬ ನಿರ್ಣಯ ಹೊಲಿಯುತ್ತಿರುವಾಗಲೇ ಆಗುತ್ತದೆ. ಕೈಯೇ ಅಲ್ಲಿ ಯೋಚಿಸುತ್ತದೆ. ವಸಾರಿಯ ಅಳತೆಗೋಲಿಗೆ ಈ ಯೋಚನೆ ಕಾಣುವುದೇ ಇಲ್ಲ. ಅದಲ್ಲದೆ ಹೊದ್ದು, ಒಗೆದು ಸವೆಯುವ ವಸ್ತುವಿನ ಪ್ರಾಚೀನ ಮಾದರಿಗಳು ಉಳಿಯುವುದು ದುರ್ಲಭ. ಸಹಿ, ಕಾಲ, ಶೈಲಿಯ ಅನುಕ್ರಮಗಳನ್ನು ಆಧರಿಸಿದ ಶಾಸ್ತ್ರಕ್ಕೆ ಅದು ಹಿಡಿತವನ್ನೇ ಕೊಡುವುದಿಲ್ಲ.

ಈ ಶ್ರೇಣಿ ನಮ್ಮ ಪರಂಪರೆಯದಲ್ಲ. ಕಾಮಸೂತ್ರದ ಅರುವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಗೀತ, ನೃತ್ಯ, ಆಲೇಖ್ಯಗಳೊಡನೆ ಸೂಚೀಕರ್ಮವೂ ಒಂದೇ ಸಾಲಿನಲ್ಲಿ ಕುಳಿತಿದೆ. ಹಾಗೆಂದು ನೇಯುವವರನ್ನೂ ಕುಂಬಾರರನ್ನೂ ಇಲ್ಲಿನ ಜಾತಿವ್ಯವಸ್ಥೆ ಸಮಾನರಾಗಿ ಕಂಡಿತೆನ್ನಲಾಗದು. ಕಲೆಗೆ ದೊರೆತ ಮನ್ನಣೆ ಕುಶಲಕರ್ಮಿಗೆ ದೊರೆಯಲಿಲ್ಲ. ಸ್ವತಂತ್ರ ಭಾರತವೂ 1952ರಲ್ಲಿ ಕರಕುಶಲ ಮಂಡಳಿಯನ್ನು, 1954ರಲ್ಲಿ ಲಲಿತಕಲಾ ಅಕಾಡೆಮಿಯನ್ನು ಸ್ಥಾಪಿಸಿ, ಪಾಶ್ಚಾತ್ಯ ವಿಭಜನೆಗೆ ಎರಡು ಪ್ರತ್ಯೇಕ ಬಾಗಿಲುಗಳನ್ನೇ ನಿರ್ಮಿಸಿತು.

ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಅಧ್ಯಯನದ ಬಳಿಕ ಸಿದ್ದಿ ಕವಂದಿಗಳು ಅಮೆರಿಕದ ಪ್ರದರ್ಶನಶಾಲೆಗಳ ಗೋಡೆಯನ್ನೇರಿವೆ. ಇದು ಸ್ವಾಗತಾರ್ಹ, ಆದರೆ ಸಾಲದು. ಗೋಡೆಗೆ ತೂಗುಹಾಕಿದಾಗ ಕವಂದಿ ವರ್ಣಚಿತ್ರದಂತೆ ಕಾಣುತ್ತದೆ. ಅದರ ಬೆನ್ನು, ಪದರುಗಳ ತೂಕ, ಯಾರ ಸೀರೆ ಯಾರ ಮಗುವನ್ನು ಹೊದಿಸಿತೆಂಬ ನೆನಪು ಮರೆಯಾಗುತ್ತವೆ. ಹಳೆಯ ಅಳತೆಗೋಲಿಗೆ ಕೌದಿಯನ್ನು ಹೊಂದಿಸುವುದು ನ್ಯಾಯವಲ್ಲ. ಕೌದಿಯಿಂದ ಆ ಅಳತೆಗೋಲನ್ನೇ ಪರೀಕ್ಷಿಸುವುದು ಸಂಶೋಧಕರ ಮುಂದಿರುವ ಕೆಲಸ.