ಬಲಗಡೆಯ ದೀಪ

ಮೊನ್ನೆ ಬೆಳಿಗ್ಗೆ ಬಲಗಿವಿಯ ಯಂತ್ರ ಹಾಕಿಕೊಂಡರೆ ಸದ್ದೇ ಇಲ್ಲ. ರಾತ್ರಿಯೆಲ್ಲ ಚಾರ್ಜರ್‌ನಲ್ಲೇ ಇತ್ತಲ್ಲ! ಮತ್ತೆ ಇಟ್ಟಾಗ ಮೊಮ್ಮಗಳು ಬಗ್ಗಿ ನೋಡಿ, "ತಾತ, ಬಲಗಡೆ ದೀಪವೇ ಹತ್ತಿಲ್ಲ" ಎಂದಳು. ಎಡಗಡೆಯದು ಹತ್ತಿತ್ತು. ಎರಡಕ್ಕೂ ವೈರ್ ಒಂದೇ. ಹಾಗಾದರೆ ಕರೆಂಟಿನ ತಪ್ಪಲ್ಲ.

ಯಂತ್ರದ ಮೈಮೇಲೆ ಪುಟ್ಟ ಲೋಹದ ಚುಕ್ಕೆಗಳಿವೆ, ಚಾರ್ಜರ್‌ನ ಗುಳಿಯಲ್ಲೂ ಇವೆ. ಇವು ಒಂದಕ್ಕೊಂದು ತಾಗಿದರಷ್ಟೇ ಚಾರ್ಜ್. ಜೆ.ಪಿ. ಪಾರ್ಕಿನಲ್ಲಿ ನಡೆದು ಬಂದ ಬೆವರು ಅಲ್ಲಿ ಒಣಗಿ ಬಿಳಿ ಪೊರೆಯಾಗಿತ್ತು. ಪ್ಲಗ್ ಕಿತ್ತು, ಒಣ ಹತ್ತಿಯ ಕಡ್ಡಿಯಿಂದ ಎರಡೂ ಕಡೆ ಮೆಲ್ಲಗೆ ಒರೆಸಿದೆವು. ನೀರು ಸೋಕಿಸಲಿಲ್ಲ. ದೀಪ ಹತ್ತಿತು!

ಈಗ ಸಂಜೆಯೇ ಯಂತ್ರ ಒರೆಸಿ, ಆಫ್ ಮಾಡಿ, ಸಿಲಿಕಾ ಜೆಲ್ ಇರುವ ಬಿಗಿಮುಚ್ಚಳದ ಡಬ್ಬಿಯಲ್ಲಿ ಒಂದೆರಡು ಗಂಟೆ ಇಡುತ್ತೇನೆ, ಮಲಗುವಾಗ ಚಾರ್ಜರ್‌ಗೆ. ನನ್ನ ಜೆಲ್‌ನ ಕಿತ್ತಳೆ ಹರಳು ಹಸಿರಾದರೆ ತೇವ ತುಂಬಿತೆಂದು ಅರ್ಥ. ಅದನ್ನು ನೋಡುವ ಕೆಲಸ ಮೊಮ್ಮಗಳದು. ಬಿಸಿಲಿಗೆ ಮಾತ್ರ ಯಂತ್ರ ಇಡಬಾರದು, ಒಳಗಿನ ಬ್ಯಾಟರಿ ಕೆಡುತ್ತದೆ.

ಊರಿಗೆ ಹೋಗುವಾಗಲೆಂದು ಇನ್ನೊಂದು ಚಾರ್ಜರ್ ಕೊಂಡಿದ್ದೆ. ಕಂಪನಿ ಅದೇ, ಮಾಡೆಲ್ ಬೇರೆ. ಯಂತ್ರ ಗುಳಿಯಲ್ಲಿ ಕೂರಲೇ ಇಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ನಂಬರ್ ತಾಳೆ ನೋಡಿದವನು ಅಂಗಡಿಯಲ್ಲಿ ಮರೆತೆ. ಈಗ ಮಾಡೆಲ್ ನಂಬರ್ ಬರೆದ ಚೀಟಿ ಪರ್ಸಿನಲ್ಲಿದೆ.